ಬಾಣಂತಿ ಸನ್ನಿ: ಹೆರಿಗೆ ವಾರ್ಡಿನವರಿಗೆ ಎಂಟು ಸ್ಲೈಡ್‌ಗಳ ಪಾಠ

ಮೊದಲ ಸಲ ಈ ಪಾಠ ಮಾಡಲು ಹೋದಾಗ ನನ್ನ ಪೆನ್‌ಡ್ರೈವ್‌ನಲ್ಲಿ ನಲವತ್ತೆರಡು ಸ್ಲೈಡ್‌ಗಳಿದ್ದವು. ವ್ಯಾಖ್ಯಾನ, ವರ್ಗೀಕರಣ, ಹಾರ್ಮೋನುಗಳ ಏರಿಳಿತದ ಚಿತ್ರ, ಎಲ್ಲವೂ ಇದ್ದವು. ಮಧ್ಯಾಹ್ನದ ಊಟ ಮುಗಿಸಿ ಬಂದಿದ್ದ ಸ್ಟಾಫ್ ನರ್ಸ್‌ಗಳಲ್ಲಿ ಅರ್ಧ ಮಂದಿ ತೂಕಡಿಸುತ್ತಿದ್ದರು. ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಹಿರಿಯ ಸಿಸ್ಟರ್ ಒಬ್ಬರು ಎದ್ದು, "ಸಾರ್, ಇದು ನಮ್ಮಜ್ಜಿ ಹೇಳುತ್ತಿದ್ದ ಬಾಣಂತಿ ಸನ್ನಿಯೇ ಅಲ್ಲವೇ?" ಎಂದು ಕೇಳಿದರು. ಹೌದು ಎಂದೆ. ತೂಕಡಿಸುತ್ತಿದ್ದವರೆಲ್ಲ ಎದ್ದು ಕುಳಿತರು. ಪ್ರತಿಯೊಬ್ಬರ ಬಳಿಯೂ ಒಂದೊಂದು ಕಥೆಯಿತ್ತು.

ಅಂದಿನಿಂದ ಸ್ಲೈಡ್‌ಗಳನ್ನು ಎಂಟಕ್ಕೆ ಇಳಿಸಿದ್ದೇನೆ. ನಾನು ಮನೋವೈದ್ಯ. ಮಂಡ್ಯ ಜಿಲ್ಲೆಯ ಹೆರಿಗೆ ವಾರ್ಡುಗಳ ಸಿಬ್ಬಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇವನ್ನು ಕಟ್ಟಿದ್ದೇನೆ. ತಮ್ಮ ಆಸ್ಪತ್ರೆಯಲ್ಲಿ ಇದೇ ಪಾಠ ಮಾಡಬೇಕೆನ್ನುವವರು ಹೀಗೆಯೇ ಬಳಸಬಹುದು. ಪ್ರತಿ ಸ್ಲೈಡಿನ ಮೇಲೆ ಏನು ಬರೆಯಬೇಕು, ಬಾಯಲ್ಲಿ ಏನು ಹೇಳಬೇಕು ಎಂಬ ಎರಡನ್ನೂ ಕೊಡುತ್ತೇನೆ.

ಸ್ಲೈಡ್ 1: ಆ ಹಳೆಯ ಮಾತು

ಈ ಸ್ಲೈಡಿನ ಮೇಲೆ ಎರಡೇ ಪದಗಳು: ಸನ್ನಿ, ನಂಜು.

ಸನ್ನಿ ಎಂಬುದು ಸನ್ನಿಪಾತದಿಂದ ಬಂದ ಮಾತು. ಜ್ವರ ತಲೆಗೇರಿ ಬಡಬಡಿಸುವುದನ್ನು ಹಿಂದಿನವರು ಹಾಗೆ ಕರೆಯುತ್ತಿದ್ದರು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಹೆಂಗಸು ದಿಕ್ಕು ತಪ್ಪಿದಂತೆ ಮಾತನಾಡಿದರೆ ಅದನ್ನೂ ಬಾಣಂತಿ ಸನ್ನಿ ಎಂದರು. ಗರ್ಭಕೋಶದ ಸೋಂಕಿನಿಂದ ಬರುವ ಜ್ವರದ ಬಡಬಡಿಕೆ ಮತ್ತು ಮನಸ್ಸೇ ಕದಡಿ ಬರುವ ಕಾಯಿಲೆ, ಇವೆರಡೂ ಆ ಒಂದೇ ಹೆಸರಿನಡಿ ಸೇರಿಕೊಂಡವು. ನಾವು ಈಗ ಪ್ರಸವಾನಂತರದ ಸೈಕೋಸಿಸ್ ಎನ್ನುವುದು ಎರಡನೆಯದನ್ನು. ಆದರೆ ಅಜ್ಜಿಯರ ಮಾತಿನಲ್ಲಿ ಒಂದು ಎಚ್ಚರಿಕೆ ಅಡಗಿದೆ. ಸನ್ನಿ ಕಂಡರೆ ನಂಜನ್ನು ಹುಡುಕಬೇಕು. ಇದಕ್ಕೆ ಆರನೆಯ ಸ್ಲೈಡಿನಲ್ಲಿ ಮರಳುತ್ತೇವೆ.

ಗಾಳಿ ಸೋಕಿದೆ, ದೃಷ್ಟಿ ತಾಗಿದೆ ಎಂದು ಮನೆಯವರು ಹೇಳಿದರೆ ನಗಬೇಡಿ ಎಂದೂ ಇಲ್ಲಿಯೇ ಹೇಳಿಬಿಡುತ್ತೇನೆ. ಆ ಮಾತು ಹೇಳಿದ ಅತ್ತೆ ನಮಗಿಂತ ಮೊದಲು ಬದಲಾವಣೆಯನ್ನು ಗುರುತಿಸಿದ್ದಾಳೆ.

ಸ್ಲೈಡ್ 2: ಹದಿನಾಲ್ಕು ದಿನಗಳ ಗೆರೆ

ಇಲ್ಲಿ ಒಂದು ಅಡ್ಡಗೆರೆ ಎಳೆದು 0ರಿಂದ 14ರವರೆಗೆ ದಿನಗಳನ್ನು ಗುರುತು ಮಾಡಿ. ಈ ಕಾಯಿಲೆ ಬಹುಪಾಲು ಈ ಗೆರೆಯೊಳಗೇ ಶುರುವಾಗುತ್ತದೆ. ಅದರಲ್ಲೂ ಹೆಚ್ಚಿನವು ಮೂರನೆಯ ದಿನದಿಂದ ಹತ್ತನೆಯ ದಿನದೊಳಗೆ ಕಾಣಿಸಿಕೊಳ್ಳುತ್ತವೆ. ಸಾವಿರ ಹೆರಿಗೆಗಳಲ್ಲಿ ಒಂದು ಅಥವಾ ಎರಡು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ತಿಂಗಳಿಗೆ ನೂರು ಹೆರಿಗೆ ನಡೆಯುವ ಆಸ್ಪತ್ರೆಯಲ್ಲಿ ವರ್ಷಕ್ಕೆ ಒಬ್ಬರೋ ಇಬ್ಬರೋ ಬರಬೇಕು. "ನಮ್ಮಲ್ಲಿ ಇಂಥದ್ದು ಬಂದೇ ಇಲ್ಲ" ಎನ್ನುವ ವಾರ್ಡಿನಲ್ಲಿ ಅದು ಬಂದು, ಯಾರ ಕಣ್ಣಿಗೂ ಬೀಳದೆ ಹೋಗಿದೆ ಎಂದುಕೊಳ್ಳುವುದೇ ಸರಿ.

ಈಗ ಅದೇ ಗೆರೆಯ ಮೇಲೆ ಇನ್ನೊಂದು ಬಣ್ಣದಲ್ಲಿ ನಮ್ಮ ಕೆಲಸದ ದಿನಗಳನ್ನು ಗುರುತಿಸಿ. ಸಹಜ ಹೆರಿಗೆಯಾದವರು 48 ಗಂಟೆಗಳ ನಂತರ ಮನೆಗೆ ಹೋಗುತ್ತಾರೆ. ಆಶಾ ಕಾರ್ಯಕರ್ತೆ ನವಜಾತ ಶಿಶುವಿನ ಆರೈಕೆಗಾಗಿ 3, 7, 14ನೆಯ ದಿನಗಳಂದು, ಆಮೇಲೆ 21, 28, 42ನೆಯ ದಿನಗಳಂದು ಮನೆಗೆ ಹೋಗುತ್ತಾಳೆ. ಎರಡೂ ಬಣ್ಣಗಳನ್ನು ಒಟ್ಟಿಗೆ ನೋಡಿದರೆ ವಿಷಯ ತಾನಾಗಿಯೇ ತಿಳಿಯುತ್ತದೆ. ಕಾಯಿಲೆ ಶುರುವಾಗುವ ಹೊತ್ತಿಗೆ ಬಾಣಂತಿ ನಮ್ಮ ವಾರ್ಡಿನಲ್ಲಿರುವುದಿಲ್ಲ, ತವರುಮನೆಯಲ್ಲಿರುತ್ತಾಳೆ. ಸರಿಯಾದ ದಿನಗಳಂದೇ ಅಲ್ಲಿಗೆ ಹೋಗುವ ಆಶಾಳ ಕೈಯಲ್ಲಿ ಮಗುವಿನ ತೂಕ ನೋಡುವ ತಕ್ಕಡಿ ಇರುತ್ತದೆ, ತಾಯಿಯ ನಿದ್ರೆಯ ಬಗ್ಗೆ ಒಂದು ಪ್ರಶ್ನೆ ಇರುವುದಿಲ್ಲ.

ಬಾಣಂತಿಯ ಅಳುವಿನ ಬಗ್ಗೆಯೂ ಇಲ್ಲಿಯೇ ಒಂದು ಮಾತು. ಹೆರಿಗೆಯಾದ ಮೂರನೆಯ ದಿನದಿಂದ ಐದನೆಯ ದಿನದ ಆಸುಪಾಸಿನಲ್ಲಿ ಬಹಳಷ್ಟು ಬಾಣಂತಿಯರು ಸುಮ್ಮಸುಮ್ಮನೆ ಅಳುತ್ತಾರೆ, ಸಿಡುಕುತ್ತಾರೆ. ಎರಡು ವಾರದೊಳಗೆ ಅದು ತಾನಾಗಿ ಇಳಿಯುತ್ತದೆ. ಆ ಅಳುವಿನ ನಡುವೆಯೂ ಅವಳಿಗೆ ಮಗು ತನ್ನದೆಂದು ಗೊತ್ತಿರುತ್ತದೆ, ತಾನೆಲ್ಲಿದ್ದೇನೆ ಎಂದು ಗೊತ್ತಿರುತ್ತದೆ, ತಾಯಿ ಬೆನ್ನು ನೇವರಿಸಿದರೆ ಸಮಾಧಾನವಾಗುತ್ತದೆ. ಇಷ್ಟಿದ್ದರೆ ಕಾಯಬಹುದು.

ಸ್ಲೈಡ್ 3: ನಿದ್ರೆಯ ಪ್ರಶ್ನೆ

ಇಡೀ ಪಾಠದಲ್ಲಿ ಒಂದೇ ಸ್ಲೈಡ್ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಇದರ ಮೇಲೆ ಒಂದೇ ವಾಕ್ಯ: "ಮಗು ಮಲಗಿದಾಗ, ನೋಡಿಕೊಳ್ಳಲು ಬೇರೆಯವರೂ ಇದ್ದಾಗ, ನಿನಗೆ ನಿದ್ದೆ ಹತ್ತುತ್ತದೆಯೇನಮ್ಮ?"

"ನಿದ್ದೆ ಚೆನ್ನಾಗಿ ಬರುತ್ತಾ?" ಎಂದು ಕೇಳಿದರೆ ಪ್ರಯೋಜನವಿಲ್ಲ. ಹಸಿ ಬಾಣಂತಿಗೆ ಚೆನ್ನಾಗಿ ನಿದ್ದೆ ಬರುವುದೆಲ್ಲಿ? ಮಗು ಎಬ್ಬಿಸುತ್ತದೆ, ಹೊಲಿಗೆ ನೋಯುತ್ತದೆ, ವಾರ್ಡಿನ ದೀಪ ಕಣ್ಣು ಕುಕ್ಕುತ್ತದೆ. ಎಲ್ಲರೂ ಇಲ್ಲವೆಂದೇ ಹೇಳುತ್ತಾರೆ. ಆರೋಗ್ಯವಂತ ಬಾಣಂತಿಗೆ ಎರಡು ಗಂಟೆ ಬಿಡುವು ಸಿಕ್ಕರೆ ಗೋಡೆಗೊರಗಿಯಾದರೂ ನಿದ್ದೆ ಹೋಗುತ್ತಾಳೆ. ಕಾಯಿಲೆ ಶುರುವಾಗುತ್ತಿರುವವಳಿಗೆ ಬಿಡುವು ಸಿಕ್ಕರೂ ನಿದ್ದೆ ಬರುವುದಿಲ್ಲ. ಅದಕ್ಕಿಂತ ಮುಖ್ಯವಾದುದೆಂದರೆ, ಅದರಿಂದ ಆಯಾಸವಾಗಿದೆ ಎಂದೂ ಅನೇಕ ವೇಳೆ ಅವಳಿಗೆ ಅನಿಸುವುದಿಲ್ಲ. ರಾತ್ರಿ ಎರಡು ಗಂಟೆಗೆ ಬಟ್ಟೆ ಮಡಿಸುತ್ತಾಳೆ, ನೆಂಟರಿಗೆಲ್ಲ ಫೋನ್ ಮಾಡುತ್ತಾಳೆ, ಮಾತು ನಿಲ್ಲುವುದಿಲ್ಲ. ಮನೆಯವರು "ಎಷ್ಟು ಚುರುಕಾಗಿದ್ದಾಳೆ ನೋಡಿ" ಎಂದು ಮೆಚ್ಚುತ್ತಾರೆ. ಹೆರಿಗೆಯ ಮೂರನೆಯ ದಿನ ಇಷ್ಟು ಚುರುಕಾಗಿರುವುದೇ ನಮ್ಮ ಕಿವಿ ನಿಮಿರಬೇಕಾದ ಸಂಗತಿ.

ಉತ್ತರ "ಇಲ್ಲ" ಎಂದಾದರೆ ಮುಂದಿನ ಪ್ರಶ್ನೆ: ಎಷ್ಟು ರಾತ್ರಿಗಳಿಂದ? ಒಂದು ರಾತ್ರಿಯಾದರೆ ಅಂದಿನ ರಾತ್ರಿ ಮಗುವನ್ನು ಅಜ್ಜಿಯ ಬಳಿ ಮಲಗಿಸಿ, ಅವಳಿಗೆ ಸತತ ಐದಾರು ಗಂಟೆ ಕತ್ತಲು, ಮೌನ ಸಿಗುವಂತೆ ಮಾಡಿ, ಮರುದಿನ ಬೆಳಿಗ್ಗೆ ಮತ್ತೆ ನೋಡಬೇಕು. ಎರಡು ರಾತ್ರಿಗಳಾಗಿದ್ದರೆ, ಅಥವಾ ಒಂದೇ ರಾತ್ರಿಯಾಗಿದ್ದರೂ ಅವಳಿಗೆ ಈ ಹಿಂದೆ ಬೈಪೋಲಾರ್ ಕಾಯಿಲೆಯೋ ಸನ್ನಿಯೋ ಬಂದಿದ್ದರೆ, ಅಂದೇ ವೈದ್ಯರಿಗೆ ತೋರಿಸಬೇಕು.

ಹಿಂದಿನದನ್ನು ಕೇಳುವುದು ಗರ್ಭಿಣಿಯ ಮೊದಲ ತಪಾಸಣೆಯಲ್ಲೇ ಆಗಬೇಕಾದ ಕೆಲಸ. ಬೈಪೋಲಾರ್ ಕಾಯಿಲೆ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೆರಿಗೆಯ ನಂತರ ಇಂಥ ತೀವ್ರ ಕಾಯಿಲೆ ಬರುತ್ತದೆ. ಒಮ್ಮೆ ಬಾಣಂತಿ ಸನ್ನಿ ಬಂದವರಿಗೆ ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಂಭವ ಮೂವರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಹೆಚ್ಚು. ತಾಯಿಗೋ ಅಕ್ಕತಂಗಿಯರಿಗೋ ಬಂದಿದ್ದರೂ ಅಪಾಯ ಏರುತ್ತದೆ. "ನಿಮ್ಮ ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದೆಯೇ?" ಎಂದು ಕೇಳಿದರೆ ಯಾರೂ ಹೌದೆನ್ನುವುದಿಲ್ಲ. "ನಿಮ್ಮ ಅಮ್ಮನಿಗೋ ಅಕ್ಕನಿಗೋ ಬಾಣಂತಿ ಸನ್ನಿ ಆಗಿತ್ತೇ?" ಎಂದು ಕೇಳಿ, ಕಥೆ ಹೊರಬರುತ್ತದೆ. ಹಾಗೆಂದು, ಹಿಂದೆ ಏನೂ ಇಲ್ಲದವರಲ್ಲೂ ಇದು ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಕಾಯಿಲೆ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲು ಯಾವ ಮಾನಸಿಕ ಕಾಯಿಲೆಯೂ ಇರುವುದಿಲ್ಲ.

ಸ್ಲೈಡ್ 4: ಶೋಭಾಳ ಐದು ದಿನಗಳು

ಇದು ಹಲವು ರೋಗಿಗಳ ವಿವರಗಳನ್ನು ಸೇರಿಸಿ ಕಟ್ಟಿದ ಪ್ರಕರಣ. ಹೆಸರೂ ನಾನಿಟ್ಟದ್ದು.

ಶೋಭಾಗೆ 24 ವರ್ಷ. ತವರು ಮಳವಳ್ಳಿ ಕಡೆಯ ಹಳ್ಳಿ. ಭಾನುವಾರ ಚೊಚ್ಚಲ ಹೆರಿಗೆ, ಸಹಜ, ಕೆಳಗೆ ಹೊಲಿಗೆ ಹಾಕಿದ್ದರು. ಮಗು 2.8 ಕಿಲೋ. ಮಂಗಳವಾರ ಮನೆಗೆ ಹೋದಳು. ಬುಧವಾರ ಆಶಾ ಬಂದು ಮಗುವಿನ ತೂಕ ನೋಡಿದಾಗ ಶೋಭಾಳ ತಾಯಿ, "ರಾತ್ರಿಯೆಲ್ಲಾ ಎದ್ದೇ ಇರುತ್ತಾಳೆ ಕಣಮ್ಮಾ, ಮಗುವಿನ ಬಟ್ಟೆಯನ್ನೂ ತಾನೇ ಒಗೆಯಲು ಹೋಗುತ್ತಾಳೆ" ಎಂದಳು. ಆಶಾ ನಕ್ಕು ಹೋದಳು. ಗುರುವಾರ ಮಾತು ಜಾಸ್ತಿಯಾಯಿತು. ಗಂಡನಿಗೆ ನಡುರಾತ್ರಿ ಹನ್ನೊಂದು ಸಲ ಫೋನ್ ಮಾಡಿದಳು. ಶುಕ್ರವಾರ ಬೆಳಿಗ್ಗೆ ಮೆಣಸಿನ ಸಾರನ್ನು ಚೆಲ್ಲಿ, ಇದರಲ್ಲಿ ಏನೋ ಬೆರೆಸಿದ್ದೀರಿ ಎಂದಳು. ಮಗುವಿಗೆ ಹಾಲು ಕೊಡಲಿಲ್ಲ. "ಹಾಲು ಕುಡಿಸುತ್ತಿಲ್ಲ" ಎಂಬ ದೂರಿನೊಡನೆ ಮನೆಯವರು ಒಂಬತ್ತೂವರೆಗೆ ಆಸ್ಪತ್ರೆಗೆ ಕರೆತಂದರು.

ಹತ್ತು ಗಂಟೆಗೆ ಕರ್ತವ್ಯದಲ್ಲಿದ್ದ ವೈದ್ಯರು ಮಾತನಾಡಿಸಿದರು. ಹೆಸರು, ಊರು, ದಿನ, ಮಗುವಿನ ತೂಕ, ಎಲ್ಲವನ್ನೂ ಸರಿಯಾಗಿ ಹೇಳಿದಳು, ಮುಗುಳ್ನಕ್ಕಳು. ಚೀಟಿಯಲ್ಲಿ "ಆತಂಕ, ಧೈರ್ಯ ಹೇಳಲಾಗಿದೆ" ಎಂದು ಬರೆದರು. ಹನ್ನೊಂದೂಕಾಲಿಗೆ ಅದೇ ಶೋಭಾ ಓಣಿಯಲ್ಲಿ ನಿಂತು ಯಾರನ್ನೋ ನೋಡುವಂತೆ ಮೇಲಕ್ಕೆ ನೋಡುತ್ತಿದ್ದಳು. ಇದು ಯಾವ ಊರು ಎಂದರೆ ಉತ್ತರವಿಲ್ಲ. ನರ್ಸ್ ಹತ್ತಿರ ಹೋದಾಗ, "ಮಗುವನ್ನು ಬದಲಾಯಿಸಿದ್ದಾರೆ, ನಾಲೆಯ ನೀರಿನಲ್ಲಿ ತೊಳೆದರೆ ನನ್ನ ಮಗು ಬರುತ್ತದೆ" ಎಂದಳು. ಮಧ್ಯಾಹ್ನ ಒಂದು ಗಂಟೆಗೆ ಅನ್ನ ತಿಂದು ತಣ್ಣಗೆ ಕುಳಿತಿದ್ದಳು.

ಇಲ್ಲಿ ಪಾಠ ನಿಲ್ಲಿಸಿ ಸಭೆಯನ್ನು ಕೇಳಿ: ವೈದ್ಯರು ನೋಡಿದ್ದು ತಪ್ಪೇ? ತಪ್ಪಲ್ಲ. ಹತ್ತು ಗಂಟೆಗೆ ಅವಳು ನಿಜಕ್ಕೂ ಹಾಗೆಯೇ ಇದ್ದಳು. ಈ ಕಾಯಿಲೆಯ ಸ್ವಭಾವವೇ ಇದು. ನಗು, ಅಳು, ಭಯ, ಗೊಂದಲ, ಸ್ವಸ್ಥತೆ, ಇವೆಲ್ಲ ಒಂದೇ ದಿನದಲ್ಲಿ ಒಂದರ ಹಿಂದೆ ಒಂದು ಬಂದು ಹೋಗುತ್ತವೆ. ಐದು ನಿಮಿಷದ ಸಂದರ್ಶನದಲ್ಲಿ ಸ್ವಸ್ಥತೆಯ ಹೊತ್ತು ಸಿಕ್ಕಿಬಿಟ್ಟರೆ ರೋಗಿ ಮನೆಗೆ ಹೋಗುತ್ತಾಳೆ, ಅನಾಹುತ ಅಲ್ಲಿ ನಡೆಯುತ್ತದೆ.

ಆದ್ದರಿಂದ ರೋಗನಿರ್ಣಯ ನಿಂತಿರುವುದು ಇಡೀ ದಿನ ಹತ್ತಿರವಿರುವ ನರ್ಸ್‌ ಬರೆಯುವ ಹಾಳೆಯ ಮೇಲೆ. ಒಂದು ಬಿಳಿ ಹಾಳೆಯಲ್ಲಿ ಗಂಟೆ, ಅವಳು ಮಾಡಿದ್ದು, ಅವಳು ಆಡಿದ ಮಾತು, ಇಷ್ಟನ್ನು ಬರೆಯಿರಿ. ಮಾತನ್ನು ಅವಳದೇ ಪದಗಳಲ್ಲಿ ಬರೆಯಬೇಕು. "ಅಸಂಬದ್ಧ ಮಾತು" ಎಂದು ಬರೆದರೆ ನನಗೆ ಏನೂ ತಿಳಿಯುವುದಿಲ್ಲ. "ನಾಲೆಯ ನೀರಿನಲ್ಲಿ ತೊಳೆದರೆ" ಎಂದು ಬರೆದರೆ ಎಲ್ಲವೂ ತಿಳಿಯುತ್ತದೆ. ಶೋಭಾಳ ವಿಷಯದಲ್ಲಿ ವೈದ್ಯರು ಮನಸ್ಸು ಬದಲಿಸಿದ್ದು ಹನ್ನೊಂದೂಕಾಲರ ಆ ಒಂದು ಸಾಲನ್ನು ಓದಿ.

ಸ್ಲೈಡ್ 5: ಕೇಳಲು ಹೆದರುವ ಪ್ರಶ್ನೆಗಳು

ಮಗುವಿಗೆ ಅಪಾಯವಿದೆಯೇ, ಅವಳಿಗೇ ಅಪಾಯವಿದೆಯೇ ಎಂದು ಕೇಳಲೇಬೇಕು. ಕೇಳಿದರೆ ಇಲ್ಲದ ಆಲೋಚನೆಯನ್ನು ನಾವೇ ಹುಟ್ಟುಹಾಕಿದಂತಾಗುತ್ತದೆ ಎಂಬ ಭಯ ಸಿಬ್ಬಂದಿಯಲ್ಲಿ ಬಹಳ ಇದೆ. ಹಾಗಾಗುವುದಿಲ್ಲ. ಮೆಲ್ಲಗೆ, ಈ ಕ್ರಮದಲ್ಲಿ ಕೇಳಿ. "ಮಗುವಿನ ಮುಖ ನೋಡಿದರೆ ಏನನ್ನಿಸುತ್ತದಮ್ಮ? ಮಗುವಿನಲ್ಲಿ ಏನಾದರೂ ವಿಶೇಷ ಇದೆ ಅನ್ನಿಸುತ್ತದೆಯೇ? ಯಾರಾದರೂ ಅದಕ್ಕೆ ಕೆಡುಕು ಮಾಡುತ್ತಾರೆ ಅನ್ನಿಸುತ್ತದೆಯೇ? ಹೀಗೆ ಮಾಡು ಎಂದು ಯಾರಾದರೂ ಕಿವಿಯಲ್ಲಿ ಹೇಳುತ್ತಾರೆಯೇ? ಮಗುವಿಗೆ ಏನಾದರೂ ಮಾಡಬೇಕು ಅಂತ ಬಂದಿದೆಯೇ? ನೀನೇ ಬದುಕಿರಬಾರದು ಅನ್ನಿಸಿದೆಯೇ?"

ಮಗು ದೇವರ ಅಂಶ ಎನ್ನುವುದೂ, ಮಗುವಿನೊಳಗೆ ಕೆಟ್ಟದ್ದು ಸೇರಿದೆ ಎನ್ನುವುದೂ ಅಪಾಯದ ಲೆಕ್ಕದಲ್ಲಿ ಒಂದೇ. ಕೊಲ್ಲುವ ಉದ್ದೇಶವಿಲ್ಲದೆಯೇ, ಕಾಪಾಡುವ ಭ್ರಮೆಯಲ್ಲೇ ಮಗುವಿಗೆ ಏಟಾಗಬಹುದು. ನಾಲೆಯ ಮಾತು ಅಂಥದ್ದು.

ಇದರ ಜೊತೆ ಒಂದು ವ್ಯತ್ಯಾಸವನ್ನೂ ಹೇಳಿಕೊಡಬೇಕು, ಇಲ್ಲವಾದರೆ ನಿರಪರಾಧಿ ತಾಯಂದಿರು ಗಾಬರಿಗೊಳಗಾಗುತ್ತಾರೆ. "ಮಗು ಕೈಯಿಂದ ಜಾರಿ ಬಿದ್ದರೆ? ಚಾಕು ತಾಗಿಬಿಟ್ಟರೆ?" ಎಂಬ ಬೇಡದ ಆಲೋಚನೆ ಎಷ್ಟೋ ತಾಯಂದಿರಿಗೆ ಬರುತ್ತದೆ. ಅವರಿಗೆ ಅದು ಅಸಹ್ಯ. ಚಾಕುವನ್ನು ತಾವೇ ದೂರ ಇಡುತ್ತಾರೆ, ಅಳುತ್ತಾ ನಮಗೆ ಹೇಳುತ್ತಾರೆ. ಸನ್ನಿಯಲ್ಲಿ ಆಲೋಚನೆ ಅವಳಿಗೆ ಸರಿಯೆಂದೇ ತೋರುತ್ತದೆ. ಅದರ ಬಗ್ಗೆ ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ.

ಸ್ಲೈಡ್ 6: ಮೊದಲು ನಂಜನ್ನು ಹುಡುಕಿ

ಮನೋವೈದ್ಯನಾಗಿ ನಾನು ಹೆಚ್ಚು ಹೆದರುವುದು ಈ ಹಂತಕ್ಕೆ. "ಸೈಕಿಯಾಟ್ರಿ ಕೇಸ್" ಎಂಬ ಚೀಟಿ ಒಮ್ಮೆ ಅಂಟಿತೆಂದರೆ ಯಾರೂ ಥರ್ಮಾಮೀಟರ್ ಇಡುವುದಿಲ್ಲ. ಆಸ್ಪತ್ರೆಯೊಂದರಿಂದ ನನ್ನ ಬಳಿಗೆ ಬಂದ ಬಾಣಂತಿಯೊಬ್ಬಳ ಕಾಗದದಲ್ಲಿ "ಸನ್ನಿ" ಎಂದಷ್ಟೇ ಇತ್ತು. ಮುಟ್ಟಿದರೆ ಮೈ ಕೆಂಡವಾಗಿತ್ತು, ಸ್ರಾವಕ್ಕೆ ದುರ್ವಾಸನೆಯಿತ್ತು. ಅವಳಿಗೆ ಬೇಕಿದ್ದದ್ದು ಆಂಟಿಬಯೋಟಿಕ್, ನಾನಲ್ಲ.

ಗೊಂದಲದಲ್ಲಿರುವ ಪ್ರತಿ ಬಾಣಂತಿಗೂ ಜ್ವರ, ನಾಡಿ, ರಕ್ತದೊತ್ತಡ, ಉಸಿರಾಟ, ಆಕ್ಸಿಜನ್ ಪ್ರಮಾಣ, ಬೆರಳ ತುದಿಯ ಸಕ್ಕರೆ ನೋಡಿ. ಹೊಟ್ಟೆ ಮುಟ್ಟಿ, ಸ್ರಾವ ನೋಡಿ, ಹೊಲಿಗೆ ನೋಡಿ, ಸ್ತನ ನೋಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರವಿದ್ದರೆ ಸೋಂಕೆಂದೇ ಹಿಡಿದು ಮುಂದುವರಿಯಿರಿ. ರಕ್ತದೊತ್ತಡ 140/90 ಅಥವಾ ಹೆಚ್ಚಿದ್ದು ತಲೆನೋವೋ ಕಣ್ಣು ಮಂಜೋ ಇದ್ದರೆ ಹೆರಿಗೆ ಆಗಿಹೋಗಿದೆ ಎಂದು ಎಕ್ಲಾಂಪ್ಸಿಯಾವನ್ನು ಕೈಬಿಡಬೇಡಿ, ಅದು ಹೆರಿಗೆಯ ನಂತರವೂ ಬರುತ್ತದೆ.

ನಮ್ಮ ಸೀಮೆಯಲ್ಲಿ ವಿಶೇಷವಾಗಿ ನೋಡಬೇಕಾದದ್ದು ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದನ್ನು. ಹೆರಿಗೆಯಾದ ಮೇಲೆ ರಕ್ತ ಮೊದಲೇ ಸುಲಭವಾಗಿ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಎಂದು ದಿನಕ್ಕೆ ಎರಡು ಲೋಟ ಬಿಸಿನೀರಿನಲ್ಲೇ ಇಟ್ಟಿರುತ್ತಾರೆ. ನಾಲಿಗೆ ಒಣಗಿರುತ್ತದೆ, ಮೂತ್ರ ಗಾಢವಾಗಿರುತ್ತದೆ. ದಿನದಿಂದ ದಿನಕ್ಕೆ ಏರುವ ತಲೆನೋವು, ವಾಂತಿ, ಒಂದೇ ಒಂದು ಸಲ ಬಂದ ಫಿಟ್ಸ್, ಒಂದು ಕೈ ಅಥವಾ ಕಾಲಿನಲ್ಲಿ ಸೋಲು, ಮಂಪರು, ಇವುಗಳಲ್ಲಿ ಯಾವುದಾದರೂ ಇದ್ದರೆ ಅವಳು ಮೊದಲು ಹೋಗಬೇಕಾದದ್ದು ಅಭಿಧಮನಿಗಳನ್ನೂ ತೋರಿಸುವ ಎಂಆರ್‌ಐ ಸ್ಕ್ಯಾನ್ ಇರುವ ಕಡೆಗೆ, ಮನೋವೈದ್ಯರ ಬಳಿಗಲ್ಲ. ಬರಿಯ ಸಾಧಾರಣ ಸಿಟಿ ಸ್ಕ್ಯಾನ್ ಸರಿಯಿದ್ದ ಮಾತ್ರಕ್ಕೆ ಹೆಪ್ಪು ಇಲ್ಲವೆಂದು ಹೇಳಲಾಗದು.

ರಕ್ತಪರೀಕ್ಷೆಗೆ ಇಷ್ಟು ಸಾಕು: ರಕ್ತಕಣಗಳ ಎಣಿಕೆ, ಸೋಡಿಯಂ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ, ಥೈರಾಯ್ಡ್, ಮೂತ್ರಪರೀಕ್ಷೆ. ಯಾವ ಔಷಧ ತೆಗೆದುಕೊಂಡಿದ್ದಾಳೆಂದೂ ಕೇಳಿ. ಹಾಲು ಬತ್ತಿಸಲು ಕೊಡುವ ಕ್ಯಾಬರ್ಗೋಲಿನ್, ಬ್ರೋಮೋಕ್ರಿಪ್ಟಿನ್ ಮಾತ್ರೆಗಳಿಂದಲೇ ಸೈಕೋಸಿಸ್ ಕೆರಳಬಹುದು.

ಶೋಭಾಳಿಗೆ ಜ್ವರ 99.2, ನಾಡಿ 112, ರಕ್ತದೊತ್ತಡ 118/76, ಸಕ್ಕರೆ 96. ತಲೆನೋವಿಲ್ಲ, ಕೈಕಾಲು ಸರಿ, ಸ್ರಾವ ಸರಿ. ನಾಲಿಗೆ ಮಾತ್ರ ಒಣಗಿತ್ತು. ಕುಡಿಯಲು ನೀರು ಕೊಟ್ಟರು, ಎರಡು ಗಂಟೆಗಳಲ್ಲಿ ನಾಡಿ 96ಕ್ಕೆ ಇಳಿಯಿತು. ಗೊಂದಲ ಇಳಿಯಲಿಲ್ಲ. ಬಿಳಿಕಣಗಳು 12,000 ಇದ್ದವು. ಹೆರಿಗೆಯ ನಂತರ ಅಷ್ಟು ಏರುವುದು ಸಹಜ, ಅದೊಂದನ್ನೇ ಹಿಡಿದು ಸೋಂಕೆನ್ನಬಾರದು.

ಸ್ಲೈಡ್ 7: ಮೊದಲ ಒಂದು ಗಂಟೆ

ಈ ಹಂತದಲ್ಲಿ "ನಾಳೆ ಹೊರರೋಗಿ ವಿಭಾಗಕ್ಕೆ ಬನ್ನಿ" ಎಂಬ ಮಾತಿಲ್ಲ. ರಾತ್ರಿಯಾಗುವ ಮುನ್ನ ಅವಳು ಮನೋವೈದ್ಯರ ಕಣ್ಣಿಗೆ ಬೀಳಬೇಕು.

ಅವಳನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಸರದಿಯ ಮೇಲೆ ಒಬ್ಬೊಬ್ಬರಂತೆ ಜೊತೆಗಿರಬೇಕು, ಶೌಚಾಲಯಕ್ಕೂ ಹೋಗಬೇಕು, ಬಾಗಿಲಿನ ಒಳಚಿಲಕ ಹಾಕಲು ಬಿಡಬಾರದು. ಬರೀ ಗಂಡನನ್ನೋ ತಾಯಿಯನ್ನೋ ನೆಚ್ಚಬೇಡಿ. ಅವರು ಎರಡು ರಾತ್ರಿ ನಿದ್ದೆಗೆಟ್ಟಿದ್ದಾರೆ, ಕುಳಿತಲ್ಲೇ ನಿದ್ರಿಸುತ್ತಾರೆ. ಹಾಸಿಗೆ ಕಿಟಕಿಯಿಂದ, ಮಹಡಿಯ ಮೆಟ್ಟಿಲಿನಿಂದ ದೂರವಿರಲಿ. ಡ್ರೆಸಿಂಗ್ ಟ್ರಾಲಿ, ಕತ್ತರಿ, ಗಾಜಿನ ಬಾಟಲಿ ತೆಗೆಯಿರಿ. ಮಗು ಅದೇ ಕೋಣೆಯಲ್ಲಿರಲಿ, ಆದರೆ ಬೇರೊಬ್ಬರ ಮಡಿಲಲ್ಲಿ. ಹಾಲೂಡಿಸುವಾಗ ಒಬ್ಬರು ಪಕ್ಕದಲ್ಲೇ ಕುಳಿತಿರಬೇಕು.

ಮಾತನಾಡುವವರು ಒಬ್ಬರೇ ಇರಲಿ. ಭ್ರಮೆಯೊಡನೆ ವಾದಕ್ಕಿಳಿಯಬೇಡಿ, ಅದನ್ನು ಒಪ್ಪಿಕೊಳ್ಳಲೂ ಬೇಡಿ. "ಇದು ನಿನ್ನದೇ ಮಗು ಕಣಮ್ಮಾ" ಎಂದು ಹತ್ತು ಸಲ ಹೇಳುವುದಕ್ಕಿಂತ, "ನಿನಗೆ ತುಂಬಾ ಭಯವಾಗಿದೆ, ನಾವಿಲ್ಲೇ ಇದ್ದೇವೆ, ಮಗುವನ್ನು ನೋಡಿಕೊಳ್ಳುತ್ತಿದ್ದೇವೆ" ಎಂದು ಒಂದು ಸಲ ಹೇಳಿದರೆ ಹೆಚ್ಚು ಕೆಲಸ ಮಾಡುತ್ತದೆ. ಕೈಕಾಲು ಕಟ್ಟುವುದನ್ನು ಗಾಬರಿಯ ಮೊದಲ ಉಪಾಯವಾಗಿ ಬಳಸಬೇಡಿ.

ಔಷಧವನ್ನು ವೈದ್ಯರು ಬರೆಯುತ್ತಾರೆ, ಸಾಧ್ಯವಾದರೆ ಫೋನಿನಲ್ಲಿ ಮನೋವೈದ್ಯರನ್ನು ಕೇಳಿಯೇ. ಬಾಯಿಂದ ತೆಗೆದುಕೊಳ್ಳುವಂತಿದ್ದರೆ ಓಲಾಂಜಪಿನ್ 5ರಿಂದ 10 ಮಿಲಿಗ್ರಾಂ, ಜೊತೆಗೆ ಲೊರಾಜಿಪಾಮ್ 1ರಿಂದ 2 ಮಿಲಿಗ್ರಾಂ. ತೀರಾ ಕೈಮೀರಿದ್ದು, ಬಾಯಿಂದ ಕೊಡಲಾಗದಿದ್ದರೆ ಹಾಲೋಪೆರಿಡಾಲ್ 5 ಮಿಲಿಗ್ರಾಂ ಮತ್ತು ಪ್ರೊಮೆಥಜಿನ್ 25ರಿಂದ 50 ಮಿಲಿಗ್ರಾಂ ಸ್ನಾಯುವಿಗೆ. ಕೊಟ್ಟ ಮೇಲೆ ಒಂದು ಗಂಟೆಯವರೆಗೆ ಹದಿನೈದು ನಿಮಿಷಕ್ಕೊಮ್ಮೆ ನಾಡಿ, ಉಸಿರು, ರಕ್ತದೊತ್ತಡ, ಎಚ್ಚರ ನೋಡಬೇಕು. ಕಣ್ಣುಗುಡ್ಡೆ ಮೇಲೇರುವುದು, ಕುತ್ತಿಗೆ ಒಂದು ಕಡೆ ತಿರುಚಿಕೊಳ್ಳುವುದು ಹಾಲೋಪೆರಿಡಾಲ್‌ನ ಅಡ್ಡಪರಿಣಾಮ. ನೋಡುವವರಿಗೆ "ದೆವ್ವ" ಎಂದೇ ಕಾಣುತ್ತದೆ, ಇನ್ನೊಂದು ಪ್ರೊಮೆಥಜಿನ್ ಚುಚ್ಚುಮದ್ದಿಗೆ ಇಳಿಯುತ್ತದೆ. ಓಲಾಂಜಪಿನ್ ಚುಚ್ಚುಮದ್ದು ಮತ್ತು ಲೊರಾಜಿಪಾಮ್ ಚುಚ್ಚುಮದ್ದನ್ನು ಒಟ್ಟಿಗೆ ಕೊಡಬಾರದು, ಉಸಿರು ಕುಗ್ಗುತ್ತದೆ. ಮೆಗ್ನೀಷಿಯಂ ಸಲ್ಫೇಟ್ ಪಡೆಯುತ್ತಿರುವವರಿಗೆ ಲೊರಾಜಿಪಾಮ್ ಕೊಡುವಾಗಲೂ ಅದೇ ಎಚ್ಚರ. ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟು ಕಳುಹಿಸಬೇಡಿ, ಉನ್ಮಾದ ಹೆಚ್ಚಬಹುದು.

ಎದೆಹಾಲಿನ ಪ್ರಶ್ನೆಯನ್ನು ಈ ಹಂತದಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಓಲಾಂಜಪಿನ್ ಹಾಲಿಗೆ ಇಳಿಯುವುದು ಬಹಳ ಕಡಿಮೆ. ಹಾಲೂಡಿಸುವುದನ್ನು ನಿಲ್ಲಿಸಬೇಕೆಂದಿಲ್ಲ, ಮಗು ಹೆಚ್ಚು ಮಂಪರಿನಲ್ಲಿದೆಯೇ ಎಂದು ನೋಡುತ್ತಿರಬೇಕು. ತಾಯಿಗೆ ತೀರಾ ಮಂಪರಿದ್ದರೆ ಆ ಕೆಲವು ಗಂಟೆ ಹಾಲು ಹಿಂಡಿ ತೆಗೆಯಿರಿ. ಲಿಥಿಯಂ ಶುರುಮಾಡುವುದಾದರೆ ಲೆಕ್ಕ ಬೇರೆ, ಅದನ್ನು ಮನೋವೈದ್ಯರು ಮತ್ತು ಮಕ್ಕಳ ವೈದ್ಯರು ಕೂಡಿ ತೀರ್ಮಾನಿಸುತ್ತಾರೆ. ಏನೇ ಆದರೂ ಎದೆ ಬಿಗಿಯಿತೆಂದು ಕ್ಯಾಬರ್ಗೋಲಿನ್ ಕೊಡಬೇಡಿ. ಹೆರಿಗೆ ವಾರ್ಡಿನಲ್ಲಿ ಅಭ್ಯಾಸಬಲದಿಂದ ಆಗುವ ತಪ್ಪು ಇದು. ಬಲಗೈಯಿಂದ ಮನೋರೋಗದ ಮದ್ದು, ಎಡಗೈಯಿಂದ ಅದಕ್ಕೆ ವಿರುದ್ಧವಾಗಿ ಕೆಲಸ ಮಾಡುವ ಮದ್ದು ಕೊಟ್ಟಂತಾಗುತ್ತದೆ.

ಶೋಭಾ ಮಾತ್ರೆ ನುಂಗಲು ಮೊದಲು ಒಪ್ಪಲಿಲ್ಲ. ನರ್ಸ್ ಮಾತ್ರೆಯ ಹಾಳೆಯನ್ನು ಅವಳ ಕೈಗೇ ಕೊಟ್ಟು ಅವಳೇ ಬಿಡಿಸಿಕೊಳ್ಳುವಂತೆ ಮಾಡಿದರು, ನೀರನ್ನು ಮೊದಲು ತಾವೇ ಒಂದು ಗುಟುಕು ಕುಡಿದು ತೋರಿಸಿದರು. ಓಲಾಂಜಪಿನ್ 5, ಲೊರಾಜಿಪಾಮ್ 2 ಮಿಲಿಗ್ರಾಂ ಹೋಯಿತು. ಚುಚ್ಚುಮದ್ದು ಬೇಕಾಗಲಿಲ್ಲ.

ಸ್ಲೈಡ್ 8: ಕಾನೂನು, ಕಾಗದ, ವಾಹನ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 94ನೆಯ ವಿಧಿಯಂತೆ, ರೋಗಿಯ ಪ್ರಾಣಕ್ಕೋ ಇತರರಿಗೋ ಗಂಭೀರ ಅಪಾಯವಿದ್ದರೆ ನೋಂದಾಯಿತ ವೈದ್ಯರು ಯಾರೇ ಆಗಲಿ ತುರ್ತು ಚಿಕಿತ್ಸೆ ಕೊಡಬಹುದು. ನಾಮನಿರ್ದೇಶಿತ ಪ್ರತಿನಿಧಿ ಇದ್ದರೆ ಅವರ ಒಪ್ಪಿಗೆ ಪಡೆಯಬೇಕು. ಗರಿಷ್ಠ ಅವಧಿ 72 ಗಂಟೆ. ಅಂದರೆ "ಮನೋವೈದ್ಯರು ಬರುವವರೆಗೆ ಏನೂ ಮಾಡುವಂತಿಲ್ಲ" ಎಂಬುದು ನೆಪವಷ್ಟೇ. ಅದೇ ಕಾಯ್ದೆಯ 21ನೆಯ ವಿಧಿ, ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. ಮಗುವಿಗೆ ಅಪಾಯವಿದ್ದು ಬೇರ್ಪಡಿಸಿದರೂ ಹದಿನೈದು ದಿನಕ್ಕೊಮ್ಮೆ ಮರುಪರಿಶೀಲಿಸಬೇಕು.

ಕಳುಹಿಸುವುದು ಮನೋವೈದ್ಯಕೀಯ ವಿಭಾಗ ಮತ್ತು ಹೆರಿಗೆ ವಿಭಾಗ ಎರಡೂ ಇರುವಲ್ಲಿಗೆ. ಮಂಡ್ಯದವರಿಗೆ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ. ತಾಯಿ ಮತ್ತು ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ವಿಶೇಷ ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. 108ಕ್ಕೆ ಕರೆ ಮಾಡಿ, ಬೈಕಿನ ಹಿಂದೆ ಕೂರಿಸಿ ಕಳುಹಿಸಬೇಡಿ. ಮಗುವನ್ನು ಒಬ್ಬರು ಹಿಡಿದಿರಬೇಕು, ತಾಯಿಯ ಪಕ್ಕದಲ್ಲಿ ಇನ್ನೊಬ್ಬರಿರಬೇಕು, ಜೊತೆಗೆ ನರ್ಸ್. ವಾಹನ ಹೊರಡುವ ಮುನ್ನ ಆ ಕಡೆಯ ವೈದ್ಯರೊಡನೆ ಫೋನಿನಲ್ಲಿ ಮಾತನಾಡಿ, ಅವರ ಹೆಸರನ್ನು ಕಾಗದದಲ್ಲಿ ಬರೆಯಿರಿ. ಕೊಟ್ಟ ಔಷಧ, ಪ್ರಮಾಣ, ಗಂಟೆ, ಜ್ವರ ರಕ್ತದೊತ್ತಡದ ಅಂಕಿಗಳು, ಮಗುವಿನ ಬಗ್ಗೆ ಅವಳಾಡಿದ ಮಾತು, ಇಷ್ಟೂ ಆ ಕಾಗದದಲ್ಲಿರಲಿ. ಗಂಟೆಗಳ ಹಾಳೆಯ ನಕಲನ್ನೂ ಪಿನ್ ಮಾಡಿ.

ಮನೆಯವರು ಹೊರಡುವ ಮುನ್ನ ದೇವಸ್ಥಾನಕ್ಕೆ ಹೋಗಬೇಕೆನ್ನುತ್ತಾರೆ. ಶೋಭಾಳ ಮಾವನೂ ಹಾಗೆಯೇ ಪಟ್ಟು ಹಿಡಿದರು. ಸಿಸ್ಟರ್ ವಾದ ಮಾಡಲಿಲ್ಲ. "ನೀವು ಹೋಗಿ ಹರಕೆ ಕಟ್ಟಿಕೊಂಡು ಬನ್ನಿ ಯಜಮಾನರೇ, ಅವಳು ಮಾತ್ರ ಇಲ್ಲಿಂದ ಆಂಬುಲೆನ್ಸ್‌ನಲ್ಲಿ ಹೋಗಲಿ" ಎಂದರು. ಅದಕ್ಕೆ ಅವರು ಒಪ್ಪಿದರು. ಗಂಡನಿಗೆ ಪ್ರತ್ಯೇಕವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ಇದು ವಾಸಿಯಾಗುವ ಕಾಯಿಲೆ, ಹೆಚ್ಚಿನವರು ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಮೊದಲಿನಂತಾಗುತ್ತಾರೆ. ಇದನ್ನು ಅವನಿಗೆ ಆ ದಿನವೇ ಹೇಳದಿದ್ದರೆ ನಾಮಕರಣದ ಹೊತ್ತಿಗೆ "ಹುಚ್ಚಿಯನ್ನು ಕಟ್ಟಿಬಿಟ್ಟರು" ಎಂಬ ಪಂಚಾಯಿತಿ ಶುರುವಾಗಿರುತ್ತದೆ.

ಶೋಭಾ ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಎರಡನೆಯ ವಾರದಲ್ಲಿ ಸತತ ಏಳು ಗಂಟೆ ನಿದ್ದೆ ಮಾಡಿದಳು, ಮರುದಿನ ಮಗುವನ್ನು ತಾನಾಗಿ ಕೇಳಿದಳು. ಮನೆಗೆ ಹೋಗುವಾಗ ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದುಕೊಟ್ಟರು: ಬಾಣಂತಿ ಸನ್ನಿ ಬಂದಿತ್ತು, ಮುಂದಿನ ಬಸಿರಿನಲ್ಲಿ ಮೊದಲ ತಿಂಗಳುಗಳಲ್ಲೇ ಮನೋವೈದ್ಯರಿಗೆ ತೋರಿಸುವುದು, ವಾಲ್‌ಪ್ರೊಯೇಟ್ ಕೊಡಬಾರದು.

ಈ ಎಂಟನೆಯ ಸ್ಲೈಡಿನ ಕೆಳಗೆ ಮೂರು ಖಾಲಿ ಗೆರೆಗಳಿವೆ. ಒಂದು, ನಿಮ್ಮ ತಾಲ್ಲೂಕಿಗೆ ಬರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರ ಮೊಬೈಲ್. ಎರಡು, ನೀವು ಕಳುಹಿಸುವ ದೊಡ್ಡಾಸ್ಪತ್ರೆಯ ಮನೋವೈದ್ಯಕೀಯ ವಿಭಾಗದ ಕರ್ತವ್ಯನಿರತ ವೈದ್ಯರ ಸಂಖ್ಯೆ. ಮೂರು, ಯಾರೂ ಸಿಗದಿದ್ದಾಗ ಹಗಲಿರುಳೂ ಸಿಗುವ ಟೆಲಿ ಮಾನಸ್, 14416. ಮೂರನೆಯದನ್ನು ಮಾತ್ರ ಅಚ್ಚು ಹಾಕಿಸಿದ್ದೇನೆ. ಉಳಿದೆರಡನ್ನು ಪಾಠ ಮುಗಿಯುವ ಮುನ್ನ ಪೆನ್ನಿನಲ್ಲಿ ತುಂಬಿಸಿ, ಅಲ್ಲಿಯೇ ಒಮ್ಮೆ ಕರೆ ಮಾಡಿ ರಿಂಗ್ ಆಗುತ್ತದೆಯೇ ನೋಡಿ, ಆ ಹಾಳೆಯನ್ನು ಹೆರಿಗೆ ವಾರ್ಡಿನ ನರ್ಸ್‌ಗಳ ಮೇಜಿನ ಗಾಜಿನಡಿ ಇರಿಸಿಯೇ ನಾನು ಪ್ರೊಜೆಕ್ಟರ್ ಆರಿಸುವುದು.